ಹೆಸರು ಬರೆಯದ ಕವರು

ಹೊಳೆನರಸೀಪುರದ ಸುತ್ತಮುತ್ತ ಯಾರ ಮನೆಯಲ್ಲಿ ಮದುವೆಯಾದರೂ ಅದರ ಒಂದು ತುಣುಕು ಆಶಾರಾಣಿಯ ಬಿಸ್ಕತ್ತು ಟಿನ್ನಿನೊಳಗೆ ಬಂದು ಕೂರುತ್ತಿತ್ತು. ಲಗ್ನಪತ್ರಿಕೆ ಓದಿ ಮುಗಿದ ಮೇಲೆ ಬೇರೆಯವರ ಮನೆಯಲ್ಲಿ ಒಲೆಗೋ ಕಸಕ್ಕೋ ಹೋಗುತ್ತದೆ. ಇವಳ ಮನೆಯಲ್ಲಿ ಪತ್ರಿಕೆ ಹೋಗುತ್ತಿತ್ತು, ಕವರು ಉಳಿಯುತ್ತಿತ್ತು. ಗಣಪತಿ, ಕಳಸ, ಅರಿಸಿನದ ಅಂಚು ಎಲ್ಲ ಇರುವ ದಪ್ಪ ಕಾಗದದ ಕವರು. ಅದರ ಮೇಲೊಂದು ಬಿಳಿ ಚೀಟಿ ಅಂಟಿಸಿ ‘ಬಾಡಿಗೆ’ ಎಂದು ಬರೆದರೆ ಬಾಡಿಗೆ ಕವರು, ‘ದಿನಸಿ’ ಎಂದು ಬರೆದರೆ ದಿನಸಿ ಕವರು. ಯಾರ ಮದುವೆಯ ಗಣಪತಿಯೋ ಇವಳ ಮನೆಯ ಬೇಳೆಗೆ ಕಾವಲು.

ಇದನ್ನು ಅವಳು ಯಾವ ಪುಸ್ತಕ ಓದಿಯೂ ಕಲಿತದ್ದಲ್ಲ. ನುಗ್ಗೇಹಳ್ಳಿಯಲ್ಲಿ ಅವಳ ತಾಯಿ ನಂಜಮ್ಮ ಸಾಸಿವೆ ಡಬ್ಬಿಯಲ್ಲಿ ಹಬ್ಬದ ದುಡ್ಡು, ಮೆಂತ್ಯದ ಡಬ್ಬಿಯಲ್ಲಿ ಕಾಯಿಲೆಯ ದುಡ್ಡು ಇಡುತ್ತಿದ್ದಳು. ಮಗಳು ಡಬ್ಬಿ ಬಿಟ್ಟು ಕವರು ಹಿಡಿದಳು, ಅಷ್ಟೇ ವ್ಯತ್ಯಾಸ. ಹಿಡಿಯುವಂತೆ ಮಾಡಿದ್ದು ಒಂದು ಆಷಾಢ. ಗಂಡ ದೇವರಾಜುವಿನದು ಲಗೇಜ್ ಆಟೊ. ಮದುವೆಯ ಕಾಲದಲ್ಲಿ ಶಾಮಿಯಾನ, ಪಾತ್ರೆ, ಬಾಳೆಕಂದು ಹೊತ್ತು ಪುರುಸೊತ್ತಿಲ್ಲದೆ ಓಡುತ್ತದೆ. ಆಷಾಢ ಹುಟ್ಟಿತೆಂದರೆ ಬೇವಿನ ಮರದಡಿ ನಿಂತುಬಿಡುತ್ತದೆ. ಆಶಾರಾಣಿ ಹೊಲಿಯುವುದು ರವಿಕೆ. ಅದಕ್ಕೂ ಅದೇ ಪಂಚಾಂಗ. ಮೇ ತಿಂಗಳಲ್ಲಿ ಬಂದ ದುಡ್ಡನ್ನು ಮೇ ತಿಂಗಳಲ್ಲೇ ರಾಜರ ಹಾಗೆ ತಿಂದು, ಆ ಆಷಾಢದಲ್ಲಿ ಎರಡು ತಿಂಗಳ ಬಾಡಿಗೆ ನಿಲ್ಲಿಸಿಕೊಂಡು, ಮನೆ ಮಾಲೀಕರು ಅಂಗಳದಲ್ಲಿ ನಿಂತು ಕೆಮ್ಮುವುದನ್ನು ಕೇಳಿಸಿಕೊಂಡ ಮೇಲೆ ಅವಳಿಗೆ ಬುದ್ಧಿ ಬಂತು.

ಒಂದು ವರ್ಷ ಬಂದದ್ದನ್ನೆಲ್ಲ ಸುಮ್ಮನೆ ಬರೆದಿಟ್ಟಳು. ಡೀಸೆಲ್ಲು, ರಿಪೇರಿ ಕಳೆದು ಇಬ್ಬರದೂ ಸೇರಿ ಒಳ್ಳೆಯ ತಿಂಗಳು ಮೂವತ್ತೆಂಟು ಸಾವಿರ, ಕೆಟ್ಟ ತಿಂಗಳು ಹದಿನೈದು. ಸರಾಸರಿ ಇಪ್ಪತ್ತೆರಡರ ಆಸುಪಾಸು. ಆಗ ಒಂದು ಕಾನೂನು ಮಾಡಿದಳು: ಎಷ್ಟೇ ಬರಲಿ, ಮನೆಗೆ ತಿಂಗಳ ಸಂಬಳ ಇಪ್ಪತ್ತೆರಡು ಸಾವಿರ. ಹೆಚ್ಚು ಬಂದದ್ದು ‘ಆಷಾಢ’ ಎಂಬ ದೊಡ್ಡ ಕವರಿಗೆ, ಕಡಿಮೆ ಬಿದ್ದ ತಿಂಗಳು ಅದರಿಂದ ತೆಗೆದು ಭರ್ತಿ. ಒಂದನೇ ತಾರೀಕು ಬೆಳಗ್ಗೆ, ಫೋನಿಗೆ ಬಿದ್ದ ಹಣವನ್ನೂ ಎಟಿಎಮ್ಮಿನಿಂದ ತೆಗೆದು ತಂದು, ಚಾಪೆಯ ಮೇಲೆ ಕವರುಗಳನ್ನು ಸಾಲಾಗಿ ಜೋಡಿಸುತ್ತಿದ್ದಳು. ಬಾಡಿಗೆ ನಾಲ್ಕೂವರೆ ಸಾವಿರ, ಗಾಡಿ ಕಂತು ಆರು, ದಿನಸಿ ನಾಲ್ಕು, ಹಾಲು ತರಕಾರಿ ಎರಡು ಸಾವಿರದ ನಾನೂರು, ಸ್ಕೂಲು ಸಾವಿರದ ಎಂಟುನೂರು, ಗ್ಯಾಸು ಫೋನು ಒಂದು ಸಾವಿರ, ಔಷಧಿ ಐನೂರು, ದೇವರಾಜುವಿನ ಕೈಖರ್ಚು ಒಂಬೈನೂರು, ಮುಯ್ಯಿ ಏಳುನೂರು. ಸಾಲಿನಲ್ಲಿ ಯಾವುದು ಮೊದಲು ಎಂಬುದೇ ಮುಖ್ಯ. ನೀರು ಮೇಲಿನ ಗದ್ದೆ ತುಂಬಿಸಿ ಕೆಳಗಿನ ಗದ್ದೆಗೆ ಇಳಿಯುವ ಹಾಗೆ ದುಡ್ಡು ಇಳಿಯಬೇಕು. ಒಂದು ಕವರು ಖಾಲಿಯಾದರೆ ಆ ತಿಂಗಳಿಗೆ ಅದರ ಕಥೆ ಮುಗಿಯಿತು. ಇನ್ನೊಂದರಿಂದ ತೆಗೆದರೆ ‘ಇಷ್ಟು ತೆಗೆದಿದೆ’ ಎಂದು ಚೀಟಿ ಹಾಕಬೇಕು, ಮುಂದಿನ ತಿಂಗಳು ತೀರಿಸಬೇಕು.

“ಎಸರಿಲ್ದಿರೋ ದುಡ್ಡು ಮನೇಲಿ ನಿಲ್ಲಕಿಲ್ಲ ಕಣ್ರೀ,” ಎಂದು ಗಂಡನಿಗೆ ಪಾಠ ಹೇಳುತ್ತಿದ್ದಳು. “ಯಾವ್ದುಕ್ಕೆ ಅಂತ ಬರೀಬೇಕು. ಬರೀಲಿಲ್ಲ ಅಂದ್ರೆ ಯಾರೋ ಎತ್ಕಂಡೋಯ್ತಾರೆ.”

ಪಾಠ ಹೇಳುವವರು ಪಾಠ ಕಲಿಯುವುದು ಕಡಿಮೆ. ಸಾಲಿನ ಕೊನೆಯಲ್ಲಿ ಹತ್ತನೆಯದಾಗಿ ಒಂದು ಕವರಿತ್ತು. ಅದಕ್ಕೆ ಇನ್ನೂರು ರೂಪಾಯಿ. ಆಷಾಢದ ಕವರಿನಿಂದ ತೆಗೆದ ತಿಂಗಳು ಅದಕ್ಕೆ ಸೊನ್ನೆ. ಆ ಕವರಿನ ಮೇಲೆ ಮಾತ್ರ ಅವಳು ಏನೂ ಬರೆದಿರಲಿಲ್ಲ. ಚೀಟಿಯನ್ನೂ ಅಂಟಿಸಿರಲಿಲ್ಲ.

ಬರೆಯಲು ನಾಚಿಕೆಯಾಗಿತ್ತು. ಅಕ್ಕಿ, ಬಾಡಿಗೆ, ಸ್ಕೂಲು ಎಂದು ಬರೆದಿರುವ ಮನೆಯಲ್ಲಿ ‘ಸಮುದ್ರ’ ಎಂದು ಬರೆಯುವುದು ಹೇಗೆ? ಗಂಡ ನಗುತ್ತಾನೆ, ಮಕ್ಕಳು ಬೀದಿಯಲ್ಲಿ ಹೇಳಿಕೊಂಡು ಬರುತ್ತಾರೆ.

ಸಮುದ್ರದ ಹುಚ್ಚು ಹತ್ತಿಸಿದ್ದು ಮರುದೇವಿ. ಶ್ರವಣಬೆಳಗೊಳದ ಜೈನರ ಹುಡುಗಿ. ಚನ್ನರಾಯಪಟ್ಟಣದ ಹಾಸ್ಟೆಲಿನಲ್ಲಿ ಎರಡು ವರ್ಷ ಪಿಯುಸಿ ಓದುವಾಗ ಆಶಾರಾಣಿಯ ಪಕ್ಕದ ಹಾಸಿಗೆಯವಳು. ಸೂರ್ಯ ಮುಳುಗುವ ಮುಂಚೆ ಅವಳ ಊಟ ಮುಗಿಯಬೇಕೆಂದು ಇವಳೂ ಹಸಿವಿಲ್ಲದೆ ಜೊತೆಗೆ ಕೂತು ಉಣ್ಣುತ್ತಿದ್ದಳು. ಓದು ಮುಗಿದ ವರ್ಷವೇ ಮರುದೇವಿಯನ್ನು ಸುರತ್ಕಲ್ಲಿನ ಪದ್ಮಕುಮಾರ್ ಎನ್ನುವ ಅಂಗಡಿಯವರಿಗೆ ಕೊಟ್ಟರು. ಹದಿನೇಳು ವರ್ಷವಾಯಿತು, ಇಬ್ಬರೂ ಮುಖ ನೋಡಿಲ್ಲ. ಫೋನಿದೆ, ಮಾತಿದೆ. ಮಾತಿನ ಕೊನೆಗೆ ಪ್ರತಿ ಸಲವೂ “ಬಾರೇ ಒಂದ್ಸಲ” ಇದೆ.

ಒಂದು ದಿನ ಮರುದೇವಿ ಕಡಲ ದಂಡೆಗೆ ಹೋಗಿ, ಅಲೆಯ ಸದ್ದನ್ನು ಫೋನಿನಲ್ಲಿ ಹಿಡಿದು ಕಳಿಸಿದಳು. ಇಪ್ಪತ್ತೆರಡು ಸೆಕೆಂಡು. ಮೊದಲು ಗಾಳಿ, ಆಮೇಲೆ ದೂರದಿಂದ ಏನೋ ಉರುಳಿಕೊಂಡು ಬಂದು ಒಡೆದು, ಸರಸರ ಹಿಂದಕ್ಕೆ ಹೋಗುವ ಸದ್ದು. ಕೊನೆಗೆ ಮರುದೇವಿಯ ದನಿ: “ಕೇಳಿಸ್ತಾ?” ಆಶಾರಾಣಿ ಮಿಷನ್ ತುಳಿಯುತ್ತ ಅದನ್ನು ಹಾಕಿಕೊಳ್ಳುತ್ತಿದ್ದಳು. ಬೇಸರವಾದಾಗ ಒಂದು ಸಲ, ಸೊಂಟ ನೋವು ಬಂದಾಗ ಎರಡು ಸಲ.

“ನಿನ್ ಫೋನ್ ಕೆಟ್ಟೋಗದೆ ಕಣೆ,” ಎಂದಿದ್ದ ದೇವರಾಜು. “ಬರೀ ಗೊರಗೊರ ಅಂತದೆ. ರಿಪೇರಿಗೆ ಕೊಡು.”

ಅವಳು ನಕ್ಕಿದ್ದಳು.

ಒಬ್ಬಳೇ ಹೋಗುವುದಾದರೆ ಕಾಸೇ ಬೇಡ; ಆಧಾರ್ ಕಾರ್ಡು ತೋರಿಸಿದರೆ ಸರ್ಕಾರಿ ಬಸ್ಸು ಮಂಗಳೂರಿಗೂ ಪುಕ್ಕಟೆ. ಮರುದೇವಿಯೂ ಅದನ್ನೇ ಹೇಳುತ್ತಿದ್ದಳು. ಆದರೆ ಆಶಾರಾಣಿಗೆ ಬೇಕಾಗಿದ್ದುದು ಒಬ್ಬಳ ಸಮುದ್ರವಲ್ಲ. ಹಾಸನದಲ್ಲಿ ಹಗಲು ರೈಲು ಹತ್ತಬೇಕು, ಘಟ್ಟದ ಸುರಂಗದಲ್ಲಿ ಮಗ ಮನು ಕೂಗಬೇಕು, ಮಗಳು ಮೇಘಶ್ರೀ ಕಿಟಕಿ ಬಿಡದೆ ಕೂರಬೇಕು, ಸದಾ ಸ್ಟೇರಿಂಗ್ ಹಿಡಿದ ಗಂಡ ಒಂದು ದಿನ ಸುಮ್ಮನೆ ಕೈಕಟ್ಟಿ ಕೂತು ಬೇರೆ ಯಾರೋ ಓಡಿಸುವ ಗಾಡಿಯಲ್ಲಿ ಹೋಗಬೇಕು. ನಾಲ್ಕೂ ಜನ ಒಟ್ಟಿಗೆ ಒಂದು ದಿನ ಎಲ್ಲಿಗೂ ಹೋಗಿಲ್ಲವಲ್ಲ ಎಂಬ ಸಂಕಟ ಅವಳಿಗೆ ಅನ್ನ ಬಡಿಸುವಾಗಲೂ ಬರುತ್ತಿತ್ತು. ಲೆಕ್ಕವನ್ನು ಚೀಟಿಯಲ್ಲಿ ಬರೆದು ಆ ಕವರಿನೊಳಗೇ ಇಟ್ಟಿದ್ದಳು: ನಾಲ್ಕು ಜನಕ್ಕೆ ರೈಲು ಹೋಗಿ ಬರಲು ಸಾವಿರದ ಒಂಬೈನೂರು, ಊಟ ಆಟೊ ಸಾವಿರದ ಐನೂರು, ಮಕ್ಕಳ ಚಪ್ಪಲಿ ಒಂದು ಸಾವಿರ, ಮರುದೇವಿ ಮನೆಗೆ ಬರಿಗೈಲಿ ಹೋಗಬಾರದು ಎಂಟುನೂರು, ಎರಡು ದಿನ ಗಾಡಿ ನಿಂತದ್ದಕ್ಕೆ ಸಾವಿರದ ಎಂಟುನೂರು. ಒಟ್ಟು ಏಳು ಸಾವಿರ.

ನಾಲ್ಕು ವರ್ಷದಲ್ಲಿ ಆರು ಸಾವಿರದ ಮುನ್ನೂರ ನಲವತ್ತು ಆಗಿತ್ತು. ಹನ್ನೊಂದು ಐನೂರರ ನೋಟು, ಉಳಿದದ್ದು ನೂರು, ಐವತ್ತು, ಇಪ್ಪತ್ತು, ಹತ್ತು. ಇನ್ನು ಆರುನೂರ ಅರವತ್ತು ಕಡಿಮೆ. ಮೇ ತಿಂಗಳ ರವಿಕೆಗಳು ಅದನ್ನು ತುಂಬುತ್ತವೆ. ಈ ಆಷಾಢದಲ್ಲಿ ಒಂದು ಶನಿವಾರ ಭಾನುವಾರ ಹೋಗಿಯೇಬಿಡುವುದು ಎಂದು ಮನಸ್ಸಿನಲ್ಲೇ ತೀರ್ಮಾನಿಸಿದ್ದಳು.

“ಆಷಾಢದಲ್ಲಿ ಕಡಲು ಕೆರಳಿರ್ತದೆ ಕಣೇ, ದೂರದಿಂದ್ಲೇ ನೋಡ್ಬೇಕು,” ಎಂದಿದ್ದಳು ಮರುದೇವಿ.

“ದೂರದಿಂದ್ಲೇ ಸಾಕು ಬಿಡು,” ಎಂದಿದ್ದಳು ಇವಳು.

ತಾನೊಂದು ಬಗೆದರೆ ದೈವವೊಂದು ಬಗೆಯಿತು ಎನ್ನುತ್ತಾರೆ. ಇಲ್ಲಿ ದೈವದ ತಪ್ಪೇನೂ ಇಲ್ಲ, ಎಲ್ಲ ಇವಳದೇ.

ಮೇ ತಿಂಗಳ ಕೊನೆಯ ಭಾನುವಾರ ಕೊಣನೂರಿನಲ್ಲಿ ಹುಚ್ಚಯ್ಯನ ಮಗಳ ಮದುವೆ. ಹುಚ್ಚಯ್ಯ ದೇವರಾಜುವಿನ ಗಾಡಿಗೆ ತೆಂಗಿನಕಾಯಿ ಲೋಡು ಮಾಡುವ ಆಳು. ಮನುವಿನ ಕಿವಿ ಚುಚ್ಚಿಸಿದ ದಿನ ಇನ್ನೂರ ಒಂದು ರೂಪಾಯಿ ಮುಯ್ಯಿ ಹಾಕಿದ್ದ. ಮುಯ್ಯಿ ಎಂದರೆ ಉಡುಗೊರೆಯಲ್ಲ, ನೆನಪು. ಹಾಕಿದವರ ಹೆಸರು ಬರೆದಿರುತ್ತಾರೆ, ಅವರ ಮನೆಯ ಶುಭಕಾರ್ಯಕ್ಕೆ ಅದಕ್ಕಿಂತ ಒಂದಿಷ್ಟು ಹೆಚ್ಚೇ ಸೇರಿಸಿ ತೀರಿಸಬೇಕು. ಆಶಾರಾಣಿ ಹಿಂದಿನ ದಿನವೇ ಮುಯ್ಯಿ ಕವರಿನಿಂದ ಐನೂರ ಒಂದು ತೆಗೆದು, ಹೊಸ ಕವರಿಗೆ ಹಾಕಿ, ಟಿನ್ನಿನಲ್ಲಿಟ್ಟಿದ್ದಳು. ಭಾನುವಾರ ಬೆಳಗ್ಗೆ ಅವಳು ಪೇಟೆಯ ಮದುವೆಮನೆಯೊಂದಕ್ಕೆ ಹನ್ನೆರಡು ರವಿಕೆ ಕೊಡಲು ಹೋದಳು. ಅಲ್ಲಿ ಮದುಮಗಳ ತೋಳು ಬಿಗಿಯಾಗಿ, ಬಿಚ್ಚಿ ಹೊಲಿಯುತ್ತ ಕೂತಿದ್ದಾಗ ಗಂಡನ ಫೋನು ಬಂತು.

“ಒತ್ತಾಯ್ತದೆ ಕಣೆ, ನಾನು ಒಂಟ್ಬುಟ್ಟೆ. ಮುಯ್ಯಿ ಎಲ್ಲಿ ಮಡ್ಗಿದೀಯ?”

“ಟಿನ್ನಲ್ಲಿ ಎಸ್ರು ಬರೀದಿರೋ ಕವರ್ ಅದೆ ನೋಡಿ,” ಎಂದಳು ಬಾಯಲ್ಲಿ ಸೂಜಿ ಕಚ್ಚಿಕೊಂಡೇ. “ನಿಮ್ಮೆಸ್ರು ಬರ್ದು ಕೊಟ್ಬುಡಿ.”

ಹೆಸರು ಬರೆಯದ ಕವರು ಎರಡಿದ್ದವು. ಅದು ಅವಳಿಗೆ ಹೊಳೆಯಲೇ ಇಲ್ಲ. ಅವಳ ಪಾಲಿಗೆ ಒಂದರ ಮೇಲೆ ನಾಲ್ಕು ವರ್ಷದಿಂದ ಹೆಸರಿತ್ತಲ್ಲ!

ದೇವರಾಜು ಮೊದಲು ಕೈಗೆ ಸಿಕ್ಕಿದ ಕವರು ತೆಗೆದುಕೊಂಡ. ಸ್ವಲ್ಪ ದಪ್ಪಗಿತ್ತು. ಹತ್ತರ ನೋಟುಗಳನ್ನೇ ಸೇರಿಸಿ ಇಟ್ಟಿದ್ದಾಳೆ, ಇವಳ ಹಣೆಬರಹವೇ ಇಷ್ಟು ಎಂದುಕೊಂಡು, ಅದರ ಮೇಲೆ ದೊಡ್ಡದಾಗಿ ‘ದೇವರಾಜು, ಹೊಳೆನರಸೀಪುರ’ ಎಂದು ಬರೆದು ಕೊಣನೂರಿಗೆ ಹೋಗಿ ಕೊಟ್ಟ. ಹೊಟ್ಟೆ ತುಂಬ ಉಂಡು ಬಂದ.

ಗೊತ್ತಾದದ್ದು ಜೂನ್ ಒಂದರ ಬೆಳಗ್ಗೆ. ಮೇ ತಿಂಗಳು ಚೆನ್ನಾಗಿ ಕೈ ಹಿಡಿದಿತ್ತು. ಆಷಾಢದ ಕವರಿಗೆ ಹಾಕಬೇಕಾದದ್ದನ್ನು ಹಾಕಿ, ಅದರಲ್ಲಿ ಒಂಬತ್ತು ಸಾವಿರ ಆಯಿತು. ಹೊಲಿಗೆಯಲ್ಲಿ ಬಂದ ಆರುನೂರ ಅರವತ್ತನ್ನು ಬೇರೆಯಾಗಿಟ್ಟುಕೊಂಡಿದ್ದಳು. ಕೊನೆಯ ಕವರು ತೆಗೆದಾಗ ಕೈಗೆ ತೆಳ್ಳಗೆ ಬಂತು. ಒಳಗೆ ಒಂದು ಐನೂರರ ನೋಟು, ಒಂದು ರೂಪಾಯಿಯ ನಾಣ್ಯ.

ಟಿನ್ನು ಬೋರಲು ಹಾಕಿದಳು. ಬೀರು ಎಳೆದಳು. ಮೇಘಶ್ರೀಯ ಬ್ಯಾಗು ಜಾಲಾಡಿದಳು. ಅಷ್ಟರಲ್ಲಿ ಆ ಕೊಣನೂರಿನ ಫೋನು ನೆನಪಾಗಿ, ಚಾಪೆಯ ಮೇಲೆ ಕೂತುಬಿಟ್ಟಳು.

“ಏನಾಯ್ತೆ?” ಎಂದ ದೇವರಾಜು, ಹಲ್ಲುಜ್ಜುತ್ತ.

“ಮುಯ್ಯಿಗೆ ಬೇರೆ ಕವರ್ ಕೊಟ್ಬುಟ್ರಿ. ಅದ್ರಲ್ಲಿ ಆರು ಸಾವ್ರದ ಮುನ್ನೂರ ನಲವತ್ತಿತ್ತು.”

ಅವನ ಬಾಯಿಂದ ಬ್ರಷ್ಷು ಜಾರಿತು. “ಅದ್ಕೇಯ ಹುಚ್ಚಯ್ಯ ಕಾಲ್ ಮಾಡಿ ಅಣ್ಣೋ ಅಣ್ಣೋ ಅಂತ ಅತ್ಕಂಡಿದ್ದು! ಕುಡ್ದವ್ನೆ ಅಂದ್ಕಂಡೆ.” ಆಮೇಲೆ ಸಿಟ್ಟೂ ಬಂತು. “ಅಷ್ಟು ದುಡ್ಡು ಎಲ್ಲಿತ್ತು ನಿನ್ತಾವ? ಯಾವ್ ದುಡ್ಡು ಅದು? ಎಸ್ರು ಬರ್ದಿದ್ರೆ ನಾನ್ಯಾಕ್ ಮುಟ್ತಿದ್ದೆ?”

ಆ ಕೊನೆಯ ಮಾತು ಕಪಾಳಕ್ಕೆ ಬಿದ್ದ ಹಾಗಾಯಿತು. ಹೇಳಬಹುದಾಗಿತ್ತು. ಆದರೆ ಕೈಬಿಟ್ಟು ಹೋದ ಮೇಲೆ ಆಸೆಯ ಹೆಸರು ಹೇಳುವುದು ಇನ್ನೂ ನಾಚಿಕೆ. “ಮನೆ ದುಡ್ಡು,” ಎಂದಳು, ಅಷ್ಟೇ.

“ಆಯ್ತು, ಆಷಾಢದ್ ಕವರ್ನಾಗೆ ತಗಂಡು ತುಂಬುಸ್ಕೊ.”

“ಅದು ಜುಲೈ ತಿಂಗ್ಳ ಅನ್ನ ಕಣ್ರೀ. ಅದ್ನ ಮುಟ್ಟುದ್ರೆ ಮತ್ತೆ ಮಾಲೀಕ್ರು ಅಂಗಳದಲ್ಲಿ ಕೆಮ್ತಾರೆ.”

“ಅಂಗಾರೆ ನಾನೇ ಓಗಿ ಕೇಳ್ಕಬತ್ತೀನಿ.”

“ಬ್ಯಾಡ. ನಾನೇ ಓಯ್ತೀನಿ,” ಎಂದಳು. ಗಂಡಸು ಗಂಡಸನ್ನು ಮುಯ್ಯಿ ವಾಪಸ್ಸು ಕೇಳಿದರೆ ಊರಿಗೆಲ್ಲ ಸುದ್ದಿಯಾಗುತ್ತದೆ, ಹೆಂಗಸು ಹೆಂಗಸನ್ನು ಕೇಳಿದರೆ ಅಡಿಗೆಮನೆಯಲ್ಲೇ ಮುಗಿಯುತ್ತದೆ ಎಂಬುದು ಅವಳ ಲೆಕ್ಕ.

ಮಾರನೆಯ ದಿನ ಅರಕಲಗೂಡಿನಲ್ಲಿ ಬಸ್ಸು ಬದಲಾಯಿಸಿ ಕೊಣನೂರಿಗೆ ಹೋದಳು. ದಾರಿಯುದ್ದಕ್ಕೂ ಮಾತು ಕಟ್ಟಿಕೊಂಡಳು. ‘ಐನೂರ ಒಂದು ನಮ್ಮದು, ಉಳಿದದ್ದು ತಪ್ಪಿ ಬಂತು’ ಎಂದರೆ ಆಯಿತು. ತಪ್ಪೇನಿದೆ ಅದರಲ್ಲಿ? ಹಾಗೆ ಹೇಳಿ ಹೇಳಿ ಮಾತು ಸವೆದು ಹೋಗುವಷ್ಟಾಯಿತು.

ಹುಚ್ಚಯ್ಯನ ಮನೆಯ ಬಾಗಿಲಲ್ಲಿ ಮಾವಿನ ತೋರಣ ಒಣಗಿ ಸುರುಟಿತ್ತು. ಅವನ ಹೆಂಡತಿ ಮಲ್ಲಿಗಮ್ಮ ಜಗಲಿಯ ಮೇಲೆ ಮೊರದಲ್ಲಿ ರಾಗಿಯ ಕಲ್ಲು ಆರಿಸುತ್ತ ಕೂತಿದ್ದಳು. ಐವತ್ತರ ಹೆಂಗಸು, ಕಿವಿಯಲ್ಲಿ ಬಿಳಿ ಕಲ್ಲಿನ ಓಲೆ. ಆಶಾರಾಣಿಯನ್ನು ನೋಡಿ ಗಾಬರಿಯಾಗಲಿಲ್ಲ, ಮೊರ ಪಕ್ಕಕ್ಕಿಟ್ಟಳು.

“ಬಾ ಕಣವ್ವ. ನೀನು ಬತ್ತೀಯ ಅಂತ ಗೊತ್ತಿತ್ತು. ಬಸ್ ಬಂದಾಗೆಲ್ಲ ತಲೆ ಎತ್ತಿ ನೋಡ್ತಿದ್ದೆ.”

ಕಟ್ಟಿಕೊಂಡು ಬಂದ ಮಾತೆಲ್ಲ ಅಲ್ಲೇ ಬಿಚ್ಚಿಹೋಯಿತು. ಮಲ್ಲಿಗಮ್ಮ ಒಳಗೆ ಕರೆದು, ಚಾಪೆ ಹಾಕಿ, ಬೆಲ್ಲದ ಕಾಫಿ ಕೊಟ್ಟು, ದೇವರ ಗೂಡಿನಿಂದ ನಾಲ್ಕು ಮಡಿಕೆಯ ಒಂದು ಚೀಟಿ ತಂದು ಅವಳ ಮುಂದಿಟ್ಟಳು. ಅವಳದೇ ಅಕ್ಷರ. ನಾಲ್ಕು ಜನಕ್ಕೆ ರೈಲು, ಮಕ್ಕಳ ಚಪ್ಪಲಿ, ಒಟ್ಟು ಏಳು ಸಾವಿರ.

“ನೋಟು ನೋಡ್ದಾಗ್ಲೇ ನಂಗೆ ಅನ್ಮಾನ,” ಎಂದಳು ಮಲ್ಲಿಗಮ್ಮ. “ಗಂಡಸ್ರು ಹಾಕೋ ಮುಯ್ಯಿ ಇಂಗಿರಕಿಲ್ಲ. ಹತ್ತರ ನೋಟ್ನ ಮಡ್ಸಿ ಮಡ್ಸಿ ಮಡ್ಗೋರು ನಾವೇಯ. ಆದ್ರೆ ಆವತ್ತು ಅಡ್ಗೆಯೋನು ಬಾಗ್ಲಲ್ಲಿ ನಿಂತ್ಬುಟ್ಟಿದ್ದ ಕಣವ್ವ. ಬಾಕಿ ಆರು ಸಾವ್ರ ಕೊಟ್ಟೇ ಏಳ್ಬೇಕು ಅಂತ. ಬೀಗ್ರು ಇನ್ನೂ ಉಣ್ತಾವ್ರೆ. ನಮ್ಮೆಜಮಾನ್ರು ಬಂದು ಓಲೆ ಬಿಚ್ಚು ಅಂದ್ರು. ಒಂದು ಬಿಚ್ಚಿದ್ದೆ. ಅಷ್ಟೊತ್ಗೆ ಮುಯ್ಯಿ ಬರೆಯೋರು ನಿಮ್ ಕವರ್ ಒಡುದ್ರು. ಅಂಗೇ ಎಣ್ಸಿ ಅವ್ನ ಕೈಗೆ ಕೊಟ್ಬುಟ್ರು. ಈ ಚೀಟಿ ಸಂಜೆ ಕವರ್ ಗುಡಿಸ್ಬೇಕಾದ್ರೆ ಸಿಕ್ತು. ಓದಿಸ್ಕಂಡೆ. ಆಮೇಲೆ ನಂಗೆ ನಿದ್ದೆ ಇಲ್ಲ.”

ಹೀಗೆ ಹೇಳುತ್ತ ಹೇಳುತ್ತಲೇ ಅವಳು ಬಲಗಿವಿಯ ಓಲೆಯ ತಿರುಪು ಬಿಚ್ಚತೊಡಗಿದ್ದಳು. ಬಿಚ್ಚಿ ಆಶಾರಾಣಿಯ ಅಂಗೈಗೆ ಇಟ್ಟಳು.

“ತಗಂಡೋಗವ್ವ. ಇನ್ನೊಂದೂ ಕೊಡ್ತೀನಿ. ಅಡ ಮಡ್ಗಿ ನಿನ್ ದುಡ್ಡು ತಗೊ. ಕೂಲಿ ಮಾಡಿ ಬಿಡಿಸ್ಕತೀನಿ.”

ಓಲೆ ಇನ್ನೂ ಬೆಚ್ಚಗಿತ್ತು. ಸುಳ್ಳು ಹೇಳಬಾರದು, ಆಶಾರಾಣಿ ಅದನ್ನು ತಕ್ಷಣ ಹಿಂದಕ್ಕೆ ಕೊಡಲಿಲ್ಲ. ಅಂಗೈ ಮುಚ್ಚಿಕೊಂಡಳು. ಇಲ್ಲಿಂದ ಎದ್ದು ಹೋಗಿ ಅಡವಿಟ್ಟರೆ ಈ ಆಷಾಢದಲ್ಲೇ ರೈಲು ಹತ್ತಬಹುದು. ಮರುದೇವಿ ಸ್ಟೇಷನ್ನಿಗೆ ಬಂದು ನಿಲ್ಲುತ್ತಾಳೆ, ದಪ್ಪಗಾಗಿದ್ದಾಳಂತೆ, ಗುರುತು ಸಿಕ್ಕೀತೋ ಇಲ್ಲವೋ. ಆ ಒಂದು ಗಳಿಗೆಯಲ್ಲಿ ಅವಳಿಗೆ ಎಷ್ಟು ಆಸೆಯಾಯಿತೆಂದರೆ ಕಣ್ಣು ಕತ್ತಲಿಟ್ಟಿತು. ಎದುರಿಗೆ ಮಲ್ಲಿಗಮ್ಮ ಎರಡನೆಯ ಕಿವಿಗೆ ಕೈ ಹಾಕಿದ್ದಳು. ಬೋಳು ಕಿವಿಯ ತೂತು ಜೋಲಿ, ಆ ಕಡೆಯ ಮುಖವೇ ಬೇರೆ ಯಾರದೋ ಎಂಬಂತೆ ಕಾಣುತ್ತಿತ್ತು.

ಆಶಾರಾಣಿ ಅವಳ ಕೈ ಹಿಡಿದು ಕೆಳಗಿಳಿಸಿದಳು. ಓಲೆಯನ್ನು ತಾನೇ ಕಿವಿಗೆ ಹಾಕಿ, ಹಿಂದಿನ ತಿರುಪು ಬಿಗಿ ಮಾಡಿದಳು. ರವಿಕೆಯ ಹುಕ್ಕು ಹಾಕಿ ಪಳಗಿದ ಬೆರಳು.

“ಮುಯ್ಯಿ ಅಂತ ಬರ್ದಾಯ್ತಲ್ಲ ಮಲ್ಲಿಗಮ್ಮ. ಬರ್ದುದ್ ಮೇಲೆ ಅದು ಮುಯ್ಯೀನೇಯ.”

ಮಲ್ಲಿಗಮ್ಮ ಸೆರಗಿನಿಂದ ಮುಖ ಒರೆಸಿಕೊಂಡಳು. “ಎಲ್ಲಿಗವ್ವ ಒಂಟಿದ್ರಿ? ರೈಲು ಅಂತಿತ್ತು.”

ನಾಲ್ಕು ವರ್ಷದಲ್ಲಿ ಯಾರೂ ಕೇಳದ ಪ್ರಶ್ನೆ. “ಸಮುದ್ರ ನೋಡಕ್ಕೆ,” ಎಂದಳು ಆಶಾರಾಣಿ. ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ಯಾರೂ ನಗಲಿಲ್ಲ. ಹೇಳಿದ ಮೇಲೆ ಅಳು ಬಂತು, ಅತ್ತಳು.

“ನಾನೂ ನೋಡಿಲ್ಲ ಕಣವ್ವ,” ಎಂದಳು ಮಲ್ಲಿಗಮ್ಮ. “ನಮ್ ಕಾವೇರಿ ಅಲ್ಲಿಗೇ ಓಯ್ತದಂತಲ್ಲ?”

“ಇದು ಬೇರೆ ಸಮುದ್ರಕ್ಕೆ ಓಯ್ತದೆ.”

“ಅಯ್ ಶಿವನೇ, ಒಂದ್ಕಿಂತ ಜಾಸ್ತಿ ಅವಾ?”

ಇಬ್ಬರಿಗೂ ನಗು ಬಂತು. ಹೊರಡುವಾಗ ಮಲ್ಲಿಗಮ್ಮ ಮಡಿಲಿಗೆ ಎರಡು ತೆಂಗಿನಕಾಯಿ, ಒಂದು ಸೇರು ರಾಗಿ ಹಾಕಿದಳು. “ನಿನ್ ಮಗಳ ಮದ್ವೇಲಿ ಈ ಮುಯ್ಯಿ ತೀರುಸ್ತೀವಿ, ಮೇಲೆ ಐನೂರು ಹಾಕಿ,” ಎಂದಳು. ಮೇಘಶ್ರೀ ಇನ್ನೂ ಒಂಬತ್ತನೇ ಕ್ಲಾಸು. ಬಸ್ಸಿನಲ್ಲಿ ಕೂತು ಆಶಾರಾಣಿ ಲೆಕ್ಕ ಹಾಕಿದಳು: ದುಡ್ಡು ಹತ್ತು ಹನ್ನೆರಡು ವರ್ಷಕ್ಕೆ ಬರುತ್ತದೆ. ಆಗ ನಾಲ್ಕು ಜನರಲ್ಲಿ ಒಬ್ಬಳು ಬೇರೆ ಮನೆಗೆ ಹೊರಟಿರುತ್ತಾಳೆ.

ಅವಳು ಅಂದೇ ಹೊಸ ಕವರಿನ ಮೇಲೆ ಚೀಟಿ ಅಂಟಿಸಿದಳು. ಎತ್ತಿಟ್ಟಿದ್ದ ಆರುನೂರ ಅರವತ್ತನ್ನು ಅದಕ್ಕೆ ಹಾಕಲು ಹೋಗಿ, ಮನು ಸ್ಕೂಲಿನಿಂದ ಬೂಟಿನ ಅಟ್ಟೆ ಕಿತ್ತುಕೊಂಡು ಬಂದದ್ದು ನೋಡಿ, ಸ್ಕೂಲಿನ ಕವರಿಗೆ ಹಾಕಿದಳು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎಂದರೆ ಇದೇ ಇರಬೇಕು. ಗಂಡನಿಗೆ “ಖರ್ಚಾಗೋಗದೆ, ಮುಯ್ಯಿ ಅಂತ್ಲೇ ಇರ್ಲಿ” ಎಂದಷ್ಟೇ ಹೇಳಿದಳು. ಮರುದೇವಿ ಫೋನು ಮಾಡಿದರೆ ಎತ್ತಲಿಲ್ಲ. ಎತ್ತಿದರೆ “ಯಾವತ್ತು ಬರ್ತೀಯಾ” ಎನ್ನುತ್ತಾಳೆ. ಆ ತಿಂಗಳೆಲ್ಲ ಮಿಷನ್ ತುಳಿಯುವಾಗ ಅಲೆಯ ಸದ್ದನ್ನೂ ಹಾಕಲಿಲ್ಲ.

ಜುಲೈ ಒಂದು ಬಂತು, ಆಷಾಢ ಹುಟ್ಟಿ ನಾಲ್ಕು ದಿನವಾಗಿತ್ತು. ಗಾಡಿ ಬೇವಿನ ಮರದಡಿ ನಿಂತಿತ್ತು. ಎಲ್ಲರೂ ಮನೆಯಲ್ಲೇ ಇದ್ದರು, ಬೆಳಗಿನ ಉಪ್ಪಿಟ್ಟು ತಿನ್ನುತ್ತಿದ್ದರು. ಆಶಾರಾಣಿ ಚಾಪೆಯ ಮೇಲೆ ಕವರುಗಳನ್ನು ಜೋಡಿಸಿದಳು. ಜೂನಿನಲ್ಲಿ ಬಂದದ್ದು ಹತ್ತೊಂಬತ್ತು ಸಾವಿರದ ನಾನೂರು. ಆಷಾಢದ ಕವರಿನಿಂದ ಎರಡು ಸಾವಿರದ ನಾನೂರು ತೆಗೆದು ಸೇರಿಸಿದಳು. ಇಪ್ಪತ್ತೊಂದು ಸಾವಿರದ ಎಂಟುನೂರು. ಬಾಡಿಗೆಯಿಂದ ಹಿಡಿದು ಮುಯ್ಯಿಯವರೆಗೆ ಒಂಬತ್ತು ಕವರು ಸರಿಯಾಗಿ ತುಂಬಿದವು, ಹತ್ತನೆಯದಕ್ಕೆ ಕಾನೂನಿನಂತೆ ಸೊನ್ನೆ. ಅದನ್ನು ಹಾಗೇ ಟಿನ್ನಿಗೆ ಹಾಕಲು ಹೋದಾಗ ದೇವರಾಜು ಕೈ ಚಾಚಿ ತೆಗೆದುಕೊಂಡ.

ಚೀಟಿಯ ಮೇಲೆ ‘ಸಮುದ್ರ’ ಎಂದಿತ್ತು.

ಅವನು ಎರಡು ಸಲ ಓದಿದ. ಅವಳು ತಲೆ ಬಗ್ಗಿಸಿಕೊಂಡು ನೋಟಿನ ರಬ್ಬರು ಸುತ್ತತೊಡಗಿದಳು.

“ಕೊಣನೂರ್ಗೆ ಓದದ್ದು ಇದೇಯಾ?” ಎಂದ.

“ಊಂ.”

“ನಾಕ್ ವರ್ಸದಿಂದ್ಲಾ?”

“ನಾಕೂ ಜನ ಓಗಣ ಅಂತಿತ್ತು. ಮರುದೇವಿ ಕರೀತಾನೇ ಅವ್ಳೆ.”

ಅವನು ಚಾಪೆಯ ಹತ್ತಿರ ಕುಕ್ಕರಗಾಲಲ್ಲಿ ಕೂತ. ತನ್ನ ಕೈಖರ್ಚಿನ ಕವರು ತೆಗೆದು, ಒಂಬೈನೂರರಲ್ಲಿ ಇನ್ನೂರು ಎಣಿಸಿ ‘ಸಮುದ್ರ’ಕ್ಕೆ ಹಾಕಿದ. ಆಮೇಲೆ ಆ ಕವರನ್ನು ಸಾಲಿನ ಕೊನೆಯಲ್ಲಿಡಲಿಲ್ಲ. ಮುಯ್ಯಿ ದಾಟಿಸಿ, ತನ್ನ ಕೈಖರ್ಚೂ ದಾಟಿಸಿ, ಔಷಧಿಯ ಪಕ್ಕಕ್ಕೆ ತಂದು ಇಟ್ಟ.

“ಇನ್ಮೇಲೆ ಇದು ಇಲ್ಲೇ ಇರ್ಲಿ,” ಎಂದ. “ಯಾವ್ ಆಷಾಢ ಬಂದ್ರೂ ಇದ್ಕೆ ಸೊನ್ನೆ ಆಕ್ಬ್ಯಾಡ.”

ಆಶಾರಾಣಿಯ ತಲೆಯೊಳಗೆ ಲೆಕ್ಕ ತಾನಾಗಿಯೇ ನಡೆಯಿತು. ಇನ್ನೂ ಆರು ಸಾವಿರದ ಎಂಟುನೂರು ಬೇಕು, ತಿಂಗಳಿಗೆ ಇನ್ನೂರು, ಮೂವತ್ತನಾಲ್ಕು ತಿಂಗಳು. ಮೇಘಶ್ರೀ ಮೊದಲ ಪಿಯುಸಿ ಮುಗಿಸುವ ಹೊತ್ತಿಗೆ. ದೂರವೇ, ಆದರೆ ಎಣಿಸಲು ಬರುವಷ್ಟು ದೂರ.

“ಸಮುದ್ರಕ್ಕಾ? ನಾವಾ?” ಎಂದು ಮನು ಉಪ್ಪಿಟ್ಟಿನ ಬಾಯಲ್ಲೇ ಕೂಗಿದ. “ಎಂಗಿರ್ತದೆ ಅದು?”

ಅವಳು ಫೋನು ತೆಗೆದು, ತಿಂಗಳಿಂದ ಮುಟ್ಟದೆ ಇದ್ದುದನ್ನು ಹುಡುಕಿ ಒತ್ತಿ, ಚಾಪೆಯ ಮೇಲೆ ಕವರುಗಳ ನಡುವೆ ಇಟ್ಟಳು. ಗಾಳಿ ಬಂತು. ದೂರದಿಂದ ಉರುಳಿಕೊಂಡು ಬಂದದ್ದು ಒಡೆದು ಹಿಂದಕ್ಕೆ ಸರಿಯಿತು. “ಕೇಳಿಸ್ತಾ?” ಎಂದಳು ಮರುದೇವಿ.

“ನಿನ್ ಫೋನು ಕೆಟ್ಟೋಗದೆ ಅಂತಿದ್ನಲ್ಲೇ ನಾನು,” ಎಂದ ದೇವರಾಜು. ಅವನ ದನಿ ಎಂದಿನಂತಿರಲಿಲ್ಲ. ನಾಲ್ಕೂ ಜನ ಫೋನಿನ ಸುತ್ತ ಬಗ್ಗಿ ಕೂತಿದ್ದರು.

“ಇನ್ನೊಂದ್ಸಲ ಆಕು,” ಎಂದ.